ನಾಲ್ಕು ದಿನ, ಐದು ಕ್ಷೇತ್ರ, ಹನ್ನೊಂದು ಜನ: ಈ ಸಲ ಟೇಬಲ್ ಕೈ ಹಿಡೀತು

ನಮ್ಮ ಮನೇಲಿ ಟ್ರಿಪ್‌ಗೆ ಟೇಬಲ್ ಹಾಕೋನು ಅಂದ್ರೆ ನಾನೇ. ಎರಡು ವರ್ಷ ಹಿಂದೆ ಹಾಕಿದ್ದು ನೆಗೆದುಬಿತ್ತು, ಅವತ್ತಿಂದ ಭಾವ "ದೇವ್ರ ದರ್ಶನಕ್ಕೂ ಎಕ್ಸೆಲ್ಲಾ?" ಅಂತ ಆಡ್ಕೊಳ್ತಾನೇ ಇದ್ರು. ಹೋದ ಜನವರೀಲಿ ಮೈಸೂರಿಂದ ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು ಮುಗಿಸ್ಕೊಂಡು ಬಂದ್ವಿ (ಐದು ಅಂತ ಹೊರಟಿದ್ದು, ಹೊರನಾಡು ಅಮ್ಮ ಸೇರಿಸಿದ್ದು, ಹಾಗಾಗಿ ಆರಾಯ್ತು). ಒಂದು ಕಡೇನೂ ಬಾಗ್ಲು ಹಾಕಿರ್ಲಿಲ್ಲ. ಅದಕ್ಕೇ ಬರೀತಿದೀನಿ.

ಮೊದ್ಲು ಹಾಳಾಗಿದ್ದು ಹೇಳ್ತೀನಿ. ಹಳೇ ಟೇಬಲ್‌ನಲ್ಲಿ ಮೈಸೂರು-ಮಡಿಕೇರಿ 2.45, ಮಡಿಕೇರಿ-ಕುಕ್ಕೆ 2.30 ಅಂತ ಟೈಪ್ ಮಾಡಿ ಕೆಳಗೆ ಸಮ್ ಹಾಕಿದ್ದೆ. ಬಂದಿದ್ದು 4.75. ನಾನು ಅದನ್ನ ನಾಲ್ಕೂಮುಕ್ಕಾಲು ಗಂಟೆ ಅಂತ ಓದ್ಕೊಂಡೆ. ಅದು ಗಂಟೆ ಅಲ್ಲ ಸ್ವಾಮಿ, ಶೀಟ್ ಅದನ್ನ ಪಾಯಿಂಟ್ ಲೆಕ್ಕ ಅಂತ ಕೂಡಿದ್ದು, ನಿಜವಾಗಿ ಐದೂಕಾಲು ಗಂಟೆ. ಅರ್ಧ ಗಂಟೆ ಅಲ್ಲೇ ಹೋಯ್ತು. ಆರೂವರೆಗೆ ಹೊರಟು, ತಿಂಡಿಗೆ ಒಂದು ಗಂಟೆ ಬಿಟ್ಟು, ಹನ್ನೆರಡೂಕಾಲಿಗೆ ಕುಕ್ಕೇಲಿ ಇರ್ಬೇಕಿತ್ತು. ತಲುಪಿದ್ದು 1.40ಕ್ಕೆ. ಅರ್ಧ ಗಂಟೆ ನನ್ನ ಕೂಡೋ ತಪ್ಪು, ಉಳಿದ ಐವತ್ತೈದು ನಿಮಿಷ ಮಡಿಕೇರಿ ಇಳಿದು ಸಂಪಾಜೆ ಕಡೆ ಹೋಗೋ ಘಾಟೀಲಿ, ಅಣ್ಣನ ಚಿಕ್ಕ ಮಗ ಎರಡು ಸಲ ವಾಂತಿ ಮಾಡ್ಕೊಂಡ. ಮಧ್ಯಾಹ್ನದ ಬಾಗ್ಲು ಹಾಕಿಬಿಟ್ಟಿದ್ರು. ಅಮ್ಮ ಮಂಡಿ ನೋವಲ್ಲಿ ಎರಡು ಗಂಟೆ ಹೊರಗೆ ಕೂತ್ರು. ಏನೂ ಮಾತಾಡ್ಲಿಲ್ಲ, ಅದೇ ಜಾಸ್ತಿ ಚುಚ್ತು.

ಈ ಸಲ ಮಾಡಿದ ಮೊದಲ ಬದಲಾವಣೆ, ಟೈಮೆಲ್ಲಾ ನಿಮಿಷದಲ್ಲೇ. ಮ್ಯಾಪ್ ತೋರ್ಸೋ ನಿಮಿಷ C ಕಾಲಂ, ರಸ್ತೆ ಘಾಟಿಯೋ ಬಯಲೋ D, ಎಷ್ಟು ಕಡೆ ನಿಲ್ಸ್ಬೇಕು ಅನ್ನೋದು E.

```
=IF(D3="ಘಾಟಿ",C3*1.5,C3*1.2)+E3*20
```

ಈ ಒಂದೂವರೆ ಪಾಲು ಎಲ್ಲಿಂದ ಬಂತು ಅಂದ್ರೆ ಹಳೇ ಟ್ರಿಪ್ಪಿನ ಫೋಟೋಗಳ ಟೈಮ್ ನೋಡಿ ತೆಗೆದಿದ್ದು. ಟೆಂಪೋ ಟ್ರಾವೆಲರ್, ವಯಸ್ಸಾದೋರು, ಮಕ್ಕಳು ಇರೋ ಗಾಡಿಗೆ ಸರಿಹೋಗುತ್ತೆ. ನೀವು ನಾಲ್ಕು ಜನ ಕಾರಲ್ಲಿ ಹೋಗೋದಾದ್ರೆ ಇಷ್ಟು ಬೇಡ.

ಎರಡನೇದು, ಹೊರಡೋ ಟೈಮಿಂದ ಮುಂದಕ್ಕೆ ಲೆಕ್ಕ ಹಾಕೋದು ಬಿಟ್ಟು ಬಾಗ್ಲು ಹಾಕೋ ಟೈಮಿಂದ ಹಿಂದಕ್ಕೆ ಬಂದೆ. ಕುಕ್ಕೇಲಿ ಒಂದೂವರೆ ಸುಮಾರಿಗೆ ಹಾಕ್ತಾರೆ ಅಂದ್ರೆ ಹನ್ನೆರಡೂಕಾಲಿಗೆ ಅಲ್ಲಿರ್ಬೇಕು, ಹಂಗಾದ್ರೆ ಮೈಸೂರು ಬಿಡೋದು ನಾಲ್ಕೂವರೆಗೆ. ಭಾವ "ನಾಲ್ಕೂವರೆಗೆ ಯಾರೋ ಎದ್ದೇಳ್ತಾರೆ" ಅಂದ್ರು. ಎದ್ರು. ಇನ್ನೊಂದು, ಸೋಮವಾರ ಧರ್ಮಸ್ಥಳ, ಮಂಗಳವಾರ ಕುಕ್ಕೆ ಬೇಡ, ಜನ ಜಾಸ್ತಿ. ನಾವು ಬುಧವಾರ ಹೊರಟ್ವಿ.

ಕೊನೆಗೆ ಮನೆಯವ್ರಿಗೆಲ್ಲ ಕಳ್ಸಿದ್ದು ಇಷ್ಟೇ:

| ದಿನ | ದಾರಿ | ಪ್ರಯಾಣ (ಮ್ಯಾಪ್ / ನನ್ನ ಲೆಕ್ಕ) | ವಾಸ್ತವ್ಯ | ರೂಮು+ತಿಂಡಿ |
|---|---|---|---|---|
| ಬುಧ | ಮೈಸೂರು–ಕುಕ್ಕೆ–ಧರ್ಮಸ್ಥಳ | 6:40 / 9:25 | ಧರ್ಮಸ್ಥಳ | 3,200 |
| ಗುರು | ಉಡುಪಿ–ಕೊಲ್ಲೂರು | 4:10 / 6:00 | ಕೊಲ್ಲೂರು | 3,200 |
| ಶುಕ್ರ | ಕೊಲ್ಲೂರು–ಶೃಂಗೇರಿ | 3:20 / 5:20 | ಶೃಂಗೇರಿ | 3,200 |
| ಶನಿ | ಹೊರನಾಡು–ಮೈಸೂರು | 8:15 / 12:10 | ಮನೆ | 1,100 |

ರೂಮು ಮೂರು, ಒಂದಕ್ಕೆ ಸರಾಸರಿ 700. ಮಧ್ಯಾಹ್ನ ರಾತ್ರಿ ಊಟ ಎಲ್ಲಾ ಕಡೆ ದೇವಸ್ಥಾನದ್ದೇ ಪ್ರಸಾದ, ದುಡ್ಡು ಹೋಗೋದು ತಿಂಡಿ ಕಾಫಿಗೆ ಮಾತ್ರ. ಕೊಲ್ಲೂರಲ್ಲಿ ರಜಾ ಟೈಮಲ್ಲೂ ಮೂರು ರೂಮು ಒಟ್ಟಿಗೆ ಹೆಂಗೆ ಸಿಕ್ತು ಅಂತ ಕೇಳ್ಬೇಡಿ, ಅದನ್ನ ಇಲ್ಲಿ ಬರೆದ್ರೆ ಮುಂದಿನ ಸಲ ನಂಗೇ ಸಿಗಲ್ಲ.

ಗಾಡಿ ದುಡ್ಡನ್ನ ದಿನದ ಸಾಲಲ್ಲಿ ಹಾಕ್ಲಿಲ್ಲ, ಅದಕ್ಕೆ ಕಾರಣ ಇದೆ. ಕಿಲೋಮೀಟರಿಗೆ 22 ರೂಪಾಯಿ, ದಿನಕ್ಕೆ ಕನಿಷ್ಠ 250 ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ 600. ನಾವು ಓಡೋದು ಹೆಚ್ಚುಕಮ್ಮಿ 890, ಆದ್ರೆ ನಾಲ್ಕು ದಿನಕ್ಕೆ 1000ದ ದುಡ್ಡು ಕೊಡ್ಲೇಬೇಕು. 22,000, ಬಾಟಾ 2,400, ಟೋಲು ಪಾರ್ಕಿಂಗ್ 800, ಒಟ್ಟು 25,200. ಇಲ್ಲಿ ಹೋದ್ಸಲ ಏನಾಗಿತ್ತು ಅಂದ್ರೆ, ರಾತ್ರಿ ಹತ್ತಕ್ಕೆ ಹೊರಟ್ರೆ ಒಂದು ರಾತ್ರಿ ರೂಮು ಉಳಿಯುತ್ತೆ ಅಂತ ಜಾಣತನ ಮಾಡೋಕೆ ಹೋಗಿದ್ದೆ, ಅದನ್ನ ಹೊರಡೋ ಹಿಂದಿನ ದಿನ ಗಾಡಿಯವ್ರು ತಿಳಿಸಿದ್ರು, ಹನ್ನೆರಡಕ್ಕೆ ದಿನ ಬದಲಾಗುತ್ತೆ ಸಾರ್, ಎರಡು ಗಂಟೆ ಓಡಿದ್ರೂ ಒಂದು ದಿನ ಅಂತ. 2,000 ಉಳ್ಸೋಕೆ ಹೋಗಿ 6,100 ಕಳ್ಕೊಳ್ತಿದ್ದೆ. ಅದಕ್ಕೇ ವಾಪಸ್ ಬರೋದೂ ಶನಿವಾರ ಹನ್ನೆರಡರ ಒಳಗೇ ಅಂತ ಟೇಬಲ್ಲಲ್ಲಿ ಕೆಂಪು ಬಣ್ಣ ಹಾಕಿಟ್ಟಿದ್ದೆ.

ಕೊಟ್ಟು ಓಡ್ಸದೇ ಇರೋ 110 ಕಿಲೋಮೀಟರ್ ಹೊಟ್ಟೆ ಉರಿಸ್ತು, ಅದರಲ್ಲಿ ಸ್ವಲ್ಪ ಬಳಸ್ಕೊಂಡೆ. ಉಡುಪೀಲಿ ಕನಕನ ಕಿಂಡೀಲಿ ಕೃಷ್ಣನ್ನ ನೋಡಿ ಮಠದ ಊಟ ಮುಗಿಸಿ ಮಲ್ಪೆಗೆ, ಅಲ್ಲಿಂದ ಮರವಂತೆ, ಒಂದ್ಕಡೆ ಸಮುದ್ರ ಇನ್ನೊಂದ್ಕಡೆ ಸೌಪರ್ಣಿಕಾ, ಮಧ್ಯೆ ಹೆದ್ದಾರಿ. ಮಕ್ಕಳು ಅರ್ಧ ಗಂಟೆ ನೀರಲ್ಲೇ. ಒಂದು ರೂಪಾಯಿನೂ ಜಾಸ್ತಿ ಆಗ್ಲಿಲ್ಲ. ಹಿಂದೆ ಒಂದ್ಸಲ ರೈಲಲ್ಲಿ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ವರೆಗೆ ಹೋಗಿ ಅಲ್ಲಿಂದ ಜೀಪು ಹಿಡಿಯೋ ಪ್ರಯೋಗಾನೂ ಮಾಡಿದ್ದೆ. ಟಿಕೆಟ್ ಅಗ್ಗ, ಆದ್ರೆ ಸ್ಟೇಷನ್‌ನಿಂದ ಕುಕ್ಕೆ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್, ಪ್ರತಿ ಊರಲ್ಲೂ ಬ್ಯಾಗ್ ಇಳ್ಸೋದು ಹತ್ಸೋದು. ಇಬ್ಬರಿಗೆ ಓಕೆ.

ದುಡ್ಡು ಹಂಚೋದ್ರಲ್ಲೇ ಜಗಳ ಬಂದಿದ್ದು. ನಮ್ಮ ಮನೆ 3 ದೊಡ್ಡೋರು 1 ಮಗು, ಅಣ್ಣಂದು 2+2, ಅಕ್ಕ-ಭಾವ ಅವ್ರ ಅಮ್ಮ 3. ಮಕ್ಕಳಿಗೆ ಅರ್ಧ ಅಂತ ಅಣ್ಣ, ಸೀಟು ಸೀಟೇ ಅಂತ ಭಾವ. ಎರಡೂ ಹಾಕಿ ತೋರ್ಸಿದೆ: ತಲೆಗೆ ಒಂದು ಅಂದ್ರೆ ಗಾಡಿದು 2,290ರ ಹಾಗೆ, ಅಣ್ಣಂಗೆ 9,160, ಭಾವಂಗೆ 6,870. ಅರ್ಧ ಲೆಕ್ಕಕ್ಕೆ ಹೋದ್ರೆ ಇಬ್ಬರಿಗೂ 7,960 ಸಮ. ಕೊನೆಗೆ ಗಾಡಿ ಸೀಟಿನ ಲೆಕ್ಕ, ತಿಂಡಿ ಮಕ್ಕಳಿಗೆ ಅರ್ಧ, ರೂಮು ಮನೆಗೊಂದು ಅಂತ ಒಪ್ಕೊಂಡ್ರು. ಸೇವೆ, ಹುಂಡಿ ದುಡ್ಡು ಟೇಬಲ್‌ಗೆ ಸೇರಿಸ್ಲೇ ಇಲ್ಲ, ಅಮ್ಮ ಎಲ್ಲಿ ಎಷ್ಟು ಹಾಕಿದ್ರು ಅಂತ ಕೇಳೋಕೆ ನಾನ್ಯಾರು. ಒಟ್ಟು 35,900 ಅಂದ್ಕೊಂಡಿದ್ದು 36,500ರ ಹತ್ರ ಆಯ್ತು. ಒಬ್ಬ ಟ್ರಾವೆಲ್ಸ್‌ನವ್ರು ಇದೇ ದಾರಿಗೆ ತಲೆಗೆ 5,500 ಹೇಳಿದ್ರು, ನಮ್ದು 3,300.

ಒಂದು ಸಾಲು ಮಾತ್ರ ಕೈಕೊಡ್ತು, ಶುಕ್ರವಾರದ್ದು. ಕೊಲ್ಲೂರು ಬಿಟ್ಟಿದ್ದು ಏಳೂವರೆಗೇ, ಘಾಟಿ ಮೇಲೆ ಮಂಜು, ಆಮೇಲೆ ಒಂದು ಕಡೆ ರಸ್ತೆ ಕಿತ್ತು ಹಾಕಿದ್ರು, 12.50ಕ್ಕೆ ಇರ್ಬೇಕಾದವ್ರು ಶೃಂಗೇರಿ ತಲುಪಿದ್ದು 1.35ಕ್ಕೆ. ಬಾಗ್ಲು ಎರಡಕ್ಕೆ. ಅಮ್ಮನ್ನ ಅಣ್ಣ ಒಂದ್ಕಡೆ ನಾನೊಂದ್ಕಡೆ ಹಿಡ್ಕೊಂಡು ಓಡ್ಸ್ದ ಹಂಗೆ ಕರ್ಕೊಂಡು ಹೋದ್ವಿ, ಶಾರದೆ ದರ್ಶನ ಆಯ್ತು. ಹೊರಗೆ ಬಂದು ತುಂಗೆ ಮೆಟ್ಲಲ್ಲಿ ಮೀನು ನೋಡ್ಕೊಂಡು ಕೂತಾಗ ಭಾವ ನಿಧಾನಕ್ಕೆ ಬಂದು "ಆ ಶೀಟ್ ನಂಗೂ ಕಳ್ಸೋ, ಮಂತ್ರಾಲಯಕ್ಕೆ ಬೇಕು" ಅಂದ್ರು. ಕಳ್ಸಿದೀನಿ, ಶುಕ್ರವಾರದ ಸಾಲಿನ 1.5 ತೆಗೆದು 1.7 ಮಾಡಿ.