ಕೇಳಿದ್ದೊಂದು, ಬರೆದದ್ದೊಂದು: ವಾದ ಹಾದಿ ತಪ್ಪಿದ್ದನ್ನು ಹಿಡಿಯುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಹಕಾರ ಸಂಘದ ವಾರ್ಷಿಕ ಸಭೆಗೆ ಹೋದವರಿಗೆ ಇದು ಗೊತ್ತಿರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತದ ಖರೀದಿಯಿಂದ ಶುರುವಾದ ಚರ್ಚೆ ನೋಡನೋಡುತ್ತಿದ್ದಂತೆ ಸಭಾಭವನಕ್ಕೆ ಹಾಕಿಸಿದ ಟೈಲ್ಸಿಗೆ ಬಂದು ನಿಂತಿರುತ್ತದೆ. ಸಭೆಯಲ್ಲಾದರೆ ಯಾರಾದರೊಬ್ಬರು ಎದ್ದು ‘ವಿಷಯಕ್ಕೆ ಬನ್ನಿ ಮಾರಾಯ್ರೇ’ ಎನ್ನುತ್ತಾರೆ. ಬರೆಯುವಾಗ ಹಾಗೆ ಎಚ್ಚರಿಸುವವರು ಪಕ್ಕದಲ್ಲಿ ಇರುವುದಿಲ್ಲ. ಆ ಕೆಲಸವನ್ನು ಬರೆಯುವವರೇ ಮಾಡಿಕೊಳ್ಳಬೇಕು.

ವಾದ ಹಾದಿ ತಪ್ಪುವುದರಲ್ಲಿ ಎರಡು ಬಗೆಯಿದೆ. ಪ್ರಶ್ನೆಯನ್ನು ಅಲ್ಲೇ ಬಿಟ್ಟು, ಓದುಗರ ಗಮನ ಸೆಳೆಯುವ ಬೇರೆ ವಿಷಯವನ್ನು ಎಳೆದು ತರುವುದು ಒಂದು. ಇಂಗ್ಲಿಷ್ ಬಲ್ಲವರು ಇದನ್ನು ರೆಡ್ ಹೆರಿಂಗ್ ಎನ್ನುತ್ತಾರೆ. ಎರಡನೆಯದು ಅಪ್ರಸ್ತುತ ತೀರ್ಮಾನ. ಇಲ್ಲಿ ವಿಷಯ ಬದಲಾಗುವುದಿಲ್ಲ, ಕಾರಣಗಳೂ ಗಟ್ಟಿಯಾಗಿಯೇ ಇರುತ್ತವೆ. ಆದರೆ ಅವು ಸಾಬೀತುಪಡಿಸುವುದು ಕೇಳಿದ ಮಾತನ್ನಲ್ಲ, ಅದರ ನೆರೆಯ ಇನ್ನೊಂದು ಮಾತನ್ನು. ಹಿಡಿಯಲು ಹೆಚ್ಚು ಕಷ್ಟವಾಗುವುದು ಈ ಎರಡನೆಯದೇ.

ಅರಿಸ್ಟಾಟಲ್ ತನ್ನ ಕಾಲದ ವಾದದೋಷಗಳನ್ನು ಪಟ್ಟಿಮಾಡುವಾಗ ಅಪ್ರಸ್ತುತ ತೀರ್ಮಾನವನ್ನೂ ಸೇರಿಸಿದ. ಅಷ್ಟೇ ಅಲ್ಲ, ಉಳಿದೆಲ್ಲ ದೋಷಗಳನ್ನೂ ಇದೊಂದರೊಳಗೆ ತರಬಹುದು ಎಂದೂ ಹೇಳಿದ. ನಮ್ಮ ಹಳೆಯ ತರ್ಕಗ್ರಂಥ ನ್ಯಾಯಸೂತ್ರದಲ್ಲಿ ವಾದಿ ಸೋತನೆಂದು ಎಣಿಸುವ 22 ನಿಗ್ರಹಸ್ಥಾನಗಳಿವೆ. ಅವುಗಳಲ್ಲೊಂದು ‘ಅರ್ಥಾಂತರ’, ಅಂದರೆ ಪ್ರಸ್ತುತ ವಿಷಯಕ್ಕೆ ಸಂಬಂಧವಿಲ್ಲದ ಮಾತಿಗೆ ಹೊರಳುವುದು. ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆ ಇಂದಿಗೂ ಹೊಸದಾಗಿದೆ. ಒಬ್ಬ ಶಬ್ದ ನಿತ್ಯ ಎಂದು ವಾದಿಸುತ್ತಾನೆ, ಅದಕ್ಕೊಂದು ಹೇತು ಕೊಡುತ್ತಾನೆ. ಮರುಕ್ಷಣವೇ ‘ಹೇತು’ ಎಂಬ ಪದ ಯಾವ ಧಾತುವಿನಿಂದ, ಯಾವ ಪ್ರತ್ಯಯ ಸೇರಿ ಆಯಿತು ಎಂಬ ವಿವರಣೆಗೆ ಇಳಿದುಬಿಡುತ್ತಾನೆ. ಹೇಳಿದ ವ್ಯಾಕರಣವೆಲ್ಲ ಸರಿ. ಶಬ್ದ ನಿತ್ಯವೋ ಅಲ್ಲವೋ ಎಂಬುದು ಮಾತ್ರ ಇದ್ದಲ್ಲೇ ಇದೆ. ಹಾದಿ ತಪ್ಪಿದ ವಾದದಲ್ಲಿ ಸುಳ್ಳು ಇರಲೇಬೇಕೆಂದಿಲ್ಲ. ನಿಜವಾದ ಮಾತುಗಳೇ ತುಂಬಿರುವುದರಿಂದ ಬರೆದವರಿಗೆ ಅನುಮಾನವೇ ಬರುವುದಿಲ್ಲ.

ಒಂದು ಬರಹವನ್ನು ಬಿಡಿಸಿ ನೋಡೋಣ

ಉದಾಹರಣೆಗೆಂದೇ ಕಟ್ಟಿದ ಒಂದು ಬರಹ ಇಲ್ಲಿದೆ. ಸಂಘದ ವಾರ್ಷಿಕ ಪುಸ್ತಿಕೆಗೆ ಬೆಳೆಗಾರರೊಬ್ಬರು ಬರೆದದ್ದು ಎಂದುಕೊಳ್ಳಿ. ತಲೆಬರಹ: ‘ಸಂಘವು ಮೈಲುತುತ್ತವನ್ನು ಏಪ್ರಿಲ್‌ನಲ್ಲೇ ಖರೀದಿಸಿ ದಾಸ್ತಾನು ಇಡಬೇಕೇ?’

ಮೊದಲ ಪ್ಯಾರಾ: ‘ಕೊಳೆರೋಗ ಬಂತೆಂದರೆ ಎಳೆಯ ಅಡಿಕೆ ರಾಶಿರಾಶಿಯಾಗಿ ಮರದ ಬುಡಕ್ಕೆ ಉದುರುತ್ತದೆ. ವರ್ಷದ ದುಡಿಮೆ ನೀರುಪಾಲು. 1910ರ ಸುಮಾರಿಗೇ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿದರು. ಇಂದಿಗೂ ಬೋರ್ಡೋ ದ್ರಾವಣವೇ ನಮ್ಮ ಆಸರೆ.’

ಎರಡನೆಯದು: ‘ಮೊದಲ ಔಷಧಿ ಮಳೆ ಹಿಡಿಯುವ ಮೊದಲೇ ಆಗಬೇಕು. ಆ ಹೊತ್ತಿಗೆ ಎಲ್ಲ ತೋಟದವರಿಗೂ ಒಟ್ಟಿಗೇ ಮೈಲುತುತ್ತ ಬೇಕಾಗುತ್ತದೆ. ಜೂನ್‌ನಲ್ಲಿ ತರಿಸಲು ಹೊರಟರೆ ಸರಕು ಬರುವಷ್ಟರಲ್ಲಿ ಮಳೆ ಬಂದಿರುತ್ತದೆ.’

ಮೂರನೆಯದು: ‘ಎರಡು ತಿಂಗಳು ಮೊದಲೇ ಹಣ ಹಾಕಿದರೆ ಬಡ್ಡಿ ಹೊರೆ ಎಂದು ಕೆಲವರ ತಕರಾರು. ಅಷ್ಟಕ್ಕೂ ಸಭಾಭವನಕ್ಕೆ ಟೈಲ್ಸ್ ಹಾಕಿಸುವಾಗ ಇವರಿಗೆ ಬಡ್ಡಿಯ ನೆನಪಾಗಲಿಲ್ಲವೇ?’

ನಾಲ್ಕನೆಯದು: ‘ಈಗ ಕೊನೆಗಾರರೇ ಸಿಗುತ್ತಿಲ್ಲ. ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ಮರ ಹತ್ತುವ ವಿದ್ಯೆ ಈ ತಲೆಮಾರಿಗೇ ಮುಗಿಯುತ್ತದೋ ಏನೋ.’

ಕೊನೆಗೆ: ‘ಆದ್ದರಿಂದ ಸಂಘವು ಬೆಳೆಗಾರರ ಬೆನ್ನಿಗೆ ನಿಲ್ಲಲೇಬೇಕು.’

ಓದಿಕೊಂಡು ಹೋಗಲು ಚೆನ್ನಾಗಿದೆ, ಕಳಕಳಿಯೂ ಇದೆ. ಪರೀಕ್ಷೆಗೆ ಇಲ್ಲಿಂದ ಹೊರಡೋಣ.

ಮೊದಲು ಪ್ರಶ್ನೆ, ಆಮೇಲೆ ಕೊನೆಯ ವಾಕ್ಯ

ಒಂದು ಚೀಟಿಯಲ್ಲಿ ಪ್ರಶ್ನೆಯನ್ನು ಪೂರ್ತಿ ಬರೆದುಕೊಳ್ಳಿ. ಯಾರು, ಏನನ್ನು, ಯಾವಾಗ ಎಂಬುದು ಅದರಲ್ಲಿ ಇರಲಿ. ಇಲ್ಲಿ ಸಂಘ, ಮೈಲುತುತ್ತ, ಏಪ್ರಿಲ್. ‘ಮೈಲುತುತ್ತದ ವಿಷಯ’ ಎಂದಷ್ಟೇ ಬರೆದುಕೊಂಡರೆ ಮೈಲುತುತ್ತದ ಬಗ್ಗೆ ಏನು ಬರೆದರೂ ಒಪ್ಪಿತವೇ ಆಗಿಬಿಡುತ್ತದೆ.

ನಡುವಿನದನ್ನೆಲ್ಲ ಬಿಟ್ಟು ನೇರವಾಗಿ ಕೊನೆಯ ವಾಕ್ಯಕ್ಕೆ ಹೋಗಿ, ಅದನ್ನು ಚೀಟಿಯ ಪಕ್ಕ ಇಡಿ. ‘ಬೆನ್ನಿಗೆ ನಿಲ್ಲಲೇಬೇಕು’ ಎಂಬುದರಲ್ಲಿ ಏಪ್ರಿಲ್ ಇಲ್ಲ, ಖರೀದಿ ಇಲ್ಲ, ದಾಸ್ತಾನು ಇಲ್ಲ. ಏಪ್ರಿಲ್ ಖರೀದಿ ಬೇಡ ಎನ್ನುವ ನಿರ್ದೇಶಕರೂ ಬೆಳೆಗಾರರ ಬೆನ್ನಿಗೆ ನಿಲ್ಲುವುದು ಬೇಡ ಎನ್ನುವುದಿಲ್ಲ. ಇದೇ ಅಪ್ರಸ್ತುತ ತೀರ್ಮಾನ. ಪ್ರಶ್ನೆಗಿಂತ ಉತ್ತರ ದೊಡ್ಡದಾಗಿ, ಯಾರೂ ಅಲ್ಲಗಳೆಯಲಾಗದ ಮಾತಾಗಿ ಮುಗಿದಿದ್ದರೆ ಹಾದಿ ಎಲ್ಲೋ ತಪ್ಪಿದೆ ಎಂದೇ ಲೆಕ್ಕ.

ಎದುರಾಳಿಗೆ ಒಪ್ಪಿಗೆ ಕೊಡಿಸಿ ನೋಡಿ

ಈಗ ಒಂದೊಂದೇ ಪ್ಯಾರಾ ತೆಗೆದುಕೊಳ್ಳಿ. ನಿಮ್ಮ ನಿಲುವನ್ನು ಒಪ್ಪದ, ಆದರೆ ತಿಳಿವಳಿಕೆಯುಳ್ಳ ಒಬ್ಬರನ್ನು ಎದುರಿಗೆ ಕೂರಿಸಿಕೊಂಡಂತೆ ಭಾವಿಸಿ. ಅವರು ಆ ಪ್ಯಾರಾದ ಪ್ರತಿ ಮಾತನ್ನೂ ‘ಹೌದಪ್ಪ, ನಿಜ’ ಎಂದು ಒಪ್ಪಿಕೊಂಡು, ಒಂದಿಷ್ಟೂ ಕದಲದೆ ‘ಆದರೂ ಏಪ್ರಿಲ್‌ನಲ್ಲಿ ಬೇಡ’ ಎನ್ನಬಹುದೇ?

ಮೊದಲ ಪ್ಯಾರಾಕ್ಕೆ ಧಾರಾಳವಾಗಿ ಎನ್ನಬಹುದು. ಕೊಳೆರೋಗ ಭೀಕರ, ಬೋರ್ಡೋ ಬೇಕೇ ಬೇಕು, ಎಲ್ಲ ಸರಿ, ಜೂನ್‌ನಲ್ಲಿ ತಂದರಾಯಿತು. ಈ ಪ್ಯಾರಾ ಸಾಬೀತು ಮಾಡಿದ್ದು ಔಷಧಿ ಹೊಡೆಯಬೇಕು ಎಂಬುದನ್ನು. ಪ್ರಶ್ನೆ ಇದ್ದದ್ದು ಸರಕು ಯಾವಾಗ ತರಿಸಬೇಕು ಎಂಬುದರ ಬಗ್ಗೆ. ಅಡಿಕೆ, ರೋಗ, ಔಷಧಿ ಎಲ್ಲವೂ ಪ್ರಶ್ನೆಯ ಮನೆಯವೇ ಆದ್ದರಿಂದ ವಾದ ಪಕ್ಕಕ್ಕೆ ಸರಿದದ್ದು ಕಾಣುವುದೇ ಇಲ್ಲ. ಕೋಲ್ಮನ್ ಅವರ ಪ್ರಸ್ತಾಪ ಇನ್ನಷ್ಟು ಮೋಹಕ. ಓದಲು ಖುಷಿ ಕೊಡುವ ನಿಜಸಂಗತಿ, ಆದರೆ ಏಪ್ರಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಂದು ಈ ಪ್ಯಾರಾವನ್ನು ಕಿತ್ತು ಹಾಕಬೇಕೆಂದಲ್ಲ. ಹಿನ್ನೆಲೆಯಾಗಿ ಎರಡು ಸಾಲು ಇರಬಹುದು. ಅದನ್ನೇ ಕಾರಣವೆಂದು ಎಣಿಸಿಕೊಂಡು ‘ಆದ್ದರಿಂದ’ ಎಂದಾಗ ಮಾತ್ರ ದೋಷ.

ಎರಡನೆಯ ಪ್ಯಾರಾದ ಮುಂದೆ ಅದೇ ಎದುರಾಳಿ ಇಕ್ಕಟ್ಟಿಗೆ ಸಿಕ್ಕುತ್ತಾರೆ. ಮೊದಲ ಔಷಧಿ ಮಳೆಗೆ ಮುಂಚೆಯೇ ಆಗಬೇಕು, ಜೂನ್‌ನಲ್ಲಿ ಸರಕು ಹೊತ್ತಿಗೆ ಸಿಗುವುದಿಲ್ಲ ಎಂದು ಒಪ್ಪಿದ ಮೇಲೆ ‘ಜೂನ್‌ನಲ್ಲೇ ತರೋಣ’ ಎನ್ನುವುದು ಕಷ್ಟ. ಏಪ್ರಿಲ್ ಬೇಡ, ಮೇ ಸಾಕು ಎನ್ನಬಹುದು. ಎನ್ನಲಿ, ಚರ್ಚೆ ಈಗ ಸರಿಯಾದ ಜಾಗಕ್ಕೆ ಬಂದಿದೆ. ಇಡೀ ಬರಹದಲ್ಲಿ ಪ್ರಶ್ನೆಗೆ ತಾಗುವ ಪ್ಯಾರಾ ಇದೊಂದೇ, ಅದೂ ಮೂರೇ ವಾಕ್ಯ. ಹೋದ ಮಳೆಗಾಲ ಸಂಘದಿಂದ ಬೇಡಿಕೆ ಯಾವಾಗ ಹೋಯಿತು, ಸರಕು ಯಾವಾಗ ಬಂತು ಎಂಬ ಎರಡು ತಾರೀಕುಗಳನ್ನು ಇಲ್ಲಿ ಕೊಟ್ಟಿದ್ದರೆ ವಾದಕ್ಕೆ ಬಲ ಬರುತ್ತಿತ್ತು.

ಮೂರನೆಯದು ಹಸಿಹಸಿ ರೆಡ್ ಹೆರಿಂಗ್. ಬಡ್ಡಿಯ ತಕರಾರು ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಅದಕ್ಕೆ ಉತ್ತರ ಕೊಡುವ ಬದಲು ಟೈಲ್ಸ್ ಬಂತು. ಟೈಲ್ಸಿಗೆ ದುಡ್ಡು ಪೋಲಾಗಿರಬಹುದು, ಆಗಿಲ್ಲದಿರಬಹುದು. ಬಡ್ಡಿ ಎಷ್ಟಾಗುತ್ತದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಓದುಗರು ಮಾತ್ರ ಟೈಲ್ಸಿನ ಕಡೆಗೇ ಹೋಗುತ್ತಾರೆ, ಏಕೆಂದರೆ ಅದರಲ್ಲಿ ಸಿಟ್ಟಿದೆ. ಇಂಥ ತಿರುವಿನಲ್ಲಿ ಕೆಲವು ಪದಗಳು ಮತ್ತೆ ಮತ್ತೆ ಕಾಣಿಸುತ್ತವೆ: ಅಷ್ಟಕ್ಕೂ, ಅದಿರಲಿ, ಹಾಗೆ ನೋಡಿದರೆ, ಅದೆಲ್ಲ ಬಿಡಿ. ಕರಡಿನಲ್ಲಿ ಇವು ಸಿಕ್ಕಿದಲ್ಲೆಲ್ಲ ಅಡಿಗೆರೆ ಎಳೆದು, ಹಿಂದಿನ ವಾಕ್ಯದ ತಕರಾರಿಗೆ ಮುಂದಿನ ವಾಕ್ಯದಲ್ಲಿ ಉತ್ತರವಿದೆಯೇ ಎಂದು ನೋಡಿ. ಉತ್ತರವಿದ್ದರೆ ಆ ಪದ ಇದ್ದುಕೊಳ್ಳಲಿ.

ಅವಸರದಲ್ಲಿ ಹೊಡೆದುಹಾಕಬೇಡಿ

ನಾಲ್ಕನೆಯ ಪ್ಯಾರಾಕ್ಕೆ ಬಂದಾಗ ಕೈ ತಡೆಯಬೇಕು. ಕೊನೆಗಾರರ ಕೊರತೆ ಮೇಲ್ನೋಟಕ್ಕೆ ಟೈಲ್ಸಿನಷ್ಟೇ ದೂರದ ಮಾತು. ಆದರೆ ಕೊನೆಗಾರರು ಕಡಿಮೆಯಾದರೆ ಏನಾಗುತ್ತದೆ? ಮರ ಹತ್ತಿ ಔಷಧಿ ಹೊಡೆಯುವವರೂ ಅವರೇ, ಇರುವ ಕೆಲವರೇ ಒಂದು ತೋಟ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಊರಿನ ಎಲ್ಲ ತೋಟಗಳೂ ಮಳೆಗೆ ಮುಂಚೆ ಮುಗಿಯಬೇಕೆಂದರೆ ಔಷಧಿ ಹೊಡೆಯುವುದನ್ನು ಮೇ ತಿಂಗಳಲ್ಲೇ ಶುರುಮಾಡಬೇಕು. ಆಗ ಮೈಲುತುತ್ತ ಅದಕ್ಕೂ ಮೊದಲೇ ಗೋದಾಮಿನಲ್ಲಿ ಇರಬೇಕು. ನೋಡಿ, ಇದು ಏಪ್ರಿಲ್ ಖರೀದಿಗೆ ಬಲವಾದ ಕಾರಣವೇ ಆಗುತ್ತದೆ! ಬರೆದವರ ಮನಸ್ಸಿನಲ್ಲಿ ಈ ಕೊಂಡಿ ಇದ್ದಿರಲೂಬಹುದು. ಕಾಗದದ ಮೇಲೆ ಬರಲಿಲ್ಲ, ಅದರ ಬದಲಿಗೆ ಬೆಂಗಳೂರು ಬಂತು.

ಆದ್ದರಿಂದ ಅಸಂಬದ್ಧವೆಂದು ಕಂಡ ಪ್ಯಾರಾವನ್ನು ಅಳಿಸುವ ಮೊದಲು ‘ಇದು ನಿಜವಾದರೆ, ಪ್ರಶ್ನೆಗೆ ಇದರಿಂದ ಏನು?’ ಎಂದು ಕೇಳಿ ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಲು ಪ್ರಯತ್ನಿಸಿ. ವಾಕ್ಯ ಸಿಕ್ಕಿದರೆ ಅದನ್ನು ಪ್ಯಾರಾದೊಳಗೆ ಸೇರಿಸಿ. ಸಿಗದಿದ್ದರೆ ಪ್ಯಾರಾ ತೆಗೆಯಿರಿ. ಬೇರೆಯವರ ಬರಹವನ್ನು ಟೀಕಿಸುವಾಗ ಈ ಹೆಜ್ಜೆ ಇನ್ನೂ ಮುಖ್ಯ. ಕೊಂಡಿ ಬಿಟ್ಟುಹೋದ ಒಳ್ಳೆಯ ಕಾರಣವನ್ನು ‘ವಿಷಯಾಂತರ’ ಎಂದು ತಳ್ಳಿಹಾಕುವುದು ಅನ್ಯಾಯವಾಗುತ್ತದೆ.

ಎದುರು ಪಕ್ಷಕ್ಕೂ ಇದೇ ಅಳತೆ. ಯಾರೋ ಹೀಗೆ ಉತ್ತರ ಬರೆದರು ಎನ್ನಿ: ‘ಬೋರ್ಡೋ ದ್ರಾವಣವನ್ನು ಕಲಸಿದ ದಿನವೇ ಬಳಸಬೇಕು, ಇಟ್ಟರೆ ಕೆಡುತ್ತದೆ. ಹೀಗಿರುವಾಗ ಏಪ್ರಿಲ್‌ನಲ್ಲಿ ದಾಸ್ತಾನು ಮಾಡುವುದು ಹೇಗೆ?’ ಮೊದಲ ಮಾತು ಸತ್ಯ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಕಲಸಿದ ಶೇ 1ರ ದ್ರಾವಣವನ್ನು ಅಂದೇ ಮುಗಿಸಬೇಕು. ಆದರೆ ಸಂಘ ದಾಸ್ತಾನು ಇಡುವುದು ಕಲಸಿದ ದ್ರಾವಣವನ್ನಲ್ಲ, ಮೈಲುತುತ್ತದ ಹರಳನ್ನು. ತೇವ ತಾಗದಂತೆ ಇಟ್ಟರೆ ಅದು ಎರಡು ತಿಂಗಳಲ್ಲಿ ಕೆಡುವುದಿಲ್ಲ. ಗಾಳಿ ತಗುಲಿ ಸತ್ವ ಕಳೆದುಕೊಳ್ಳುವುದು ಸುಣ್ಣ. ‘ಸುಣ್ಣವನ್ನು ಮಾತ್ರ ಮೊದಲೇ ತರಿಸಬೇಡಿ’ ಎಂದು ಅವರು ಬರೆದಿದ್ದರೆ ಅದು ಸಂಘಕ್ಕೆ ಉಪಯೋಗವಾಗುವ ಮಾತಾಗುತ್ತಿತ್ತು.

ತಿದ್ದಿದ ಮೇಲೆ

ಬರಹ ಈಗ ಹೀಗಾಗಬಹುದು: ‘ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯುವ ಮೊದಲೇ ಆಗಬೇಕು. ಕೊನೆಗಾರರು ಕಡಿಮೆ ಇರುವುದರಿಂದ ಎಲ್ಲ ತೋಟ ಮುಗಿಸಲು ಮೇ ತಿಂಗಳಲ್ಲೇ ಶುರುಮಾಡಬೇಕಾಗಿದೆ. ಜೂನ್‌ನಲ್ಲಿ ತರಿಸಿದ ಸರಕು ಇದಕ್ಕೆ ಒದಗುವುದಿಲ್ಲ. ಮೈಲುತುತ್ತದ ಹರಳು ಒಣ ಗೋದಾಮಿನಲ್ಲಿ ಕೆಡುವುದಿಲ್ಲ. ಮುಂಚಿತವಾಗಿ ಹಾಕಿದ ಹಣಕ್ಕೆ ಬೀಳುವ ಬಡ್ಡಿಯನ್ನು ಕಿಲೋ ದರಕ್ಕೆ ಸೇರಿಸಿದರೆ ಆಗುವ ಹೆಚ್ಚಳ ಇಷ್ಟು. ಆದ್ದರಿಂದ ಏಪ್ರಿಲ್‌ನಲ್ಲೇ ಖರೀದಿಸುವುದು ಒಳ್ಳೆಯದು.’ ಆ ‘ಇಷ್ಟು’ ಎಂಬಲ್ಲಿ ಸಂಘದ ಲೆಕ್ಕ ನೋಡಿ ಅಂಕಿ ತುಂಬಬೇಕು. ಟೈಲ್ಸಿನ ಮರೆಯಲ್ಲಿ ಉಳಿದುಹೋಗಿದ್ದ ಕೆಲಸ ಅದೇ.

ಒಮ್ಮೊಮ್ಮೆ ಬರೆಯುತ್ತ ಹೋದಂತೆ ಪ್ರಶ್ನೆಯೇ ಸರಿಯಿಲ್ಲ ಎಂದು ಕಾಣುವುದುಂಟು. ಸರಕು ಯಾವಾಗ ಬೇಕಾದರೂ ಸಿಗುತ್ತದೆ, ನಿಜವಾದ ತೊಂದರೆ ಕೊನೆಗಾರರದ್ದೇ ಎಂದು ಲೆಕ್ಕ ತೋರಿಸಿದರೆ ಪ್ರಶ್ನೆ ಬದಲಿಸುವ ಹಕ್ಕು ಬರೆಯುವವರಿಗೆ ಇದೆ. ಅದು ದೋಷವಲ್ಲ. ಆದರೆ ‘ಕೇಳಿದ್ದು ಖರೀದಿಯ ಬಗ್ಗೆ, ಅದಕ್ಕಿಂತ ಮೊದಲು ಈ ಪ್ರಶ್ನೆ ತೀರ್ಮಾನವಾಗಬೇಕು, ಏಕೆಂದರೆ...’ ಎಂದು ಬರಹದ ಆರಂಭದಲ್ಲೇ ತಿಳಿಸಿ, ತಲೆಬರಹವನ್ನೂ ಅದಕ್ಕೆ ತಕ್ಕಂತೆ ಬದಲಿಸಿ.