ಮೂರನೇ ನೆನಪೋಲೆಗೆ ಬಂದ ಠೇವಣಿ ಹಣ

ಗುತ್ತಿಗೆ ಕೆಲಸ ಮುಗಿಸಿ, ನಿರ್ವಹಣೆ ಅವಧಿಯೂ ಕಳೆದ ಮೇಲೆ ಭದ್ರತಾ ಠೇವಣಿ ವಾಪಸ್ ಕೊಡಿ ಅಂತ ಕೆಲಸ ಕೊಟ್ಟ ಕಚೇರಿಗೆ ಅರ್ಜಿ ಹಾಕಿದ್ದೆ. ಹೆಚ್ಚೂಕಡಿಮೆ ಹದಿನಾಲ್ಕು ತಿಂಗಳು ಅದು ಕದಲಲಿಲ್ಲ. "ಪತ್ರ ಯಾರು ಓದ್ತಾರೆ? ದಿನಾ ಹೋಗಿ ಎದುರಿಗೆ ಕೂತ್ಕೊಳ್ಳಿ" ಅಂತ ಜೊತೆಯ ಗುತ್ತಿಗೆದಾರರೆಲ್ಲ ಹೇಳಿದರು. ಕೊನೆಗೆ ಹಣ ಬಂದಿದ್ದು ಪತ್ರದಿಂದಲೇ. ಆದರೆ ಮೊದಲ ಎರಡು ಪತ್ರ ದಂಡವಾದವು.

ಮೊದಲನೆಯದು ಎರಡು ಪುಟ. ಸಾಲ, ಬಡ್ಡಿ, ಕೂಲಿಯವರ ಬಾಕಿ ಎಲ್ಲ ಬರೆದಿದ್ದೆ. ಅರ್ಜಿ ಬಗ್ಗೆ ಮಾತ್ರ "ಕಳೆದ ವರ್ಷ ಸಲ್ಲಿಸಿದ್ದೆ" ಅಂತ ಒಂದೇ ಸಾಲು. ಅದನ್ನು ಹಿಡಿದು ಕಡತ ಹುಡುಕುವುದು ಯಾರಿಂದಲೂ ಆಗಲ್ಲ, ಅಲ್ವಾ?

ಎರಡನೆಯದರಲ್ಲಿ ದಿನಾಂಕ, ಸಂಖ್ಯೆ ಎರಡೂ ಹಾಕಿದೆ. ನೋಂದಾಯಿತ ಅಂಚೆಯಲ್ಲಿ ಕಳಿಸಿದೆ, ಮುಟ್ಟಿದ್ದಕ್ಕೆ ಸ್ವೀಕೃತಿಯೂ ಬಂತು. ಎರಡು ತಿಂಗಳು ಕಾದೆ, ಏನೂ ಆಗಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ನಾನು ಹಾಕಿದ್ದು ಕೌಂಟರಿನ ಚೀಟಿಯ ಸಂಖ್ಯೆ. ಒಳಗೆ ಅದು ಯಾರಿಗೂ ಬೇಕಿಲ್ಲ. ಅವರು ಹುಡುಕುವುದು ಒಳಬಂದ ಪತ್ರಗಳನ್ನು ದಾಖಲಿಸುವ ಆವಕ ವಹಿಯ ಸಂಖ್ಯೆಯಿಂದ, ಆಮೇಲೆ ಶಾಖೆಯ ಕಡತ ಸಂಖ್ಯೆಯಿಂದ. ಹಳೆಯದಕ್ಕೆ ಹೊಂದದ ನನ್ನ ಪತ್ರ ಟಪಾಲು ಶಾಖೆಯಲ್ಲಿ ಹೊಸ ಅರ್ಜಿಯಾಗಿ ದಾಖಲಾಗಿ ಬೇರೆ ಮೇಜಿಗೆ ಹೋಗಿತ್ತು. ಒಂದೇ ವಿಷಯ ಎರಡು ಕಡೆ ಕೂತಿತ್ತು.

ನಡುವೆ ಒಂದು ಪ್ರಯೋಗ ಮಾಡಿದೆ. ಎರಡನೇ ಪತ್ರದ ಪ್ರತಿಯನ್ನು ಮೇಲಧಿಕಾರಿಗೂ ಕಳಿಸಿದೆ. ಅಲ್ಲಿಂದ "ಸೂಕ್ತ ಕ್ರಮಕ್ಕಾಗಿ" ಅಂತ ಬರೆದು ಅದೇ ಕಚೇರಿಗೆ ವಾಪಸ್ ಬಂತು. ಮೂರು ವಾರ ಹೋಯಿತು, ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರಿಗೆ ಬೇಸರವೂ ಆಯಿತು. ಮೊದಲ ಎರಡು ನೆನಪೋಲೆಗೆ ಮೇಲಿನವರಿಗೆ ಪ್ರತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇಮೇಲ್ ಕೂಡ ಮಾಡಿ ನೋಡಿದೆ, ಉತ್ತರ ಬರಲಿಲ್ಲ.

ಮೂರನೇ ಪತ್ರಕ್ಕೆ ಮೊದಲು ಟಪಾಲು ಶಾಖೆಗೆ ಹೋದೆ. ನನ್ನ ಅರ್ಜಿಯ ಮೊಹರಿನ ಪ್ರತಿ ತೋರಿಸಿ, ಆ ತಾರೀಖಿನ ಪುಟ ನೋಡಿ ಆವಕ ಸಂಖ್ಯೆ ಮತ್ತು ಯಾವ ಶಾಖೆಗೆ ಹೋಗಿದೆ ಅನ್ನುವುದನ್ನು ಬರೆದುಕೊಂಡೆ. ಯಾವ ದಿನ, ಯಾವ ಹೊತ್ತಿಗೆ ಹೋದರೆ ಪುಟ ತೆಗೆದು ತೋರಿಸುತ್ತಾರೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ನಾನು ಓಡಾಡಿ ಕಂಡುಕೊಂಡಿದ್ದು. ಶಾಖೆಯಲ್ಲಿ ಕಡತ ಸಂಖ್ಯೆಯೂ ಸಿಕ್ಕಿತು. ಪತ್ರದ ತಲೆಭಾಗ ಹೀಗಿತ್ತು:

ನೆನಪೋಲೆ – 3
ವಿಷಯ: ಭದ್ರತಾ ಠೇವಣಿ ಹಿಂದಿರುಗಿಸುವ ಬಗ್ಗೆ.
ಉಲ್ಲೇಖ: 1. ನನ್ನ ಅರ್ಜಿ ದಿನಾಂಕ 14-06-2022, ಆವಕ ಸಂಖ್ಯೆ 1187.
2. ನೆನಪೋಲೆ 1 ಮತ್ತು 2, ಅವುಗಳ ದಿನಾಂಕ, ಆವಕ ಸಂಖ್ಯೆ.
3. ತಮ್ಮ ಕಡತ ಸಂಖ್ಯೆ.

ಸಂಖ್ಯೆಗಳನ್ನು ಇಲ್ಲಿ ಮಾದರಿಗೆ ಹಾಕಿದ್ದೇನೆ. ವಿಷಯದ ಸಾಲು ಮಾತ್ರ ಮೂಲ ಅರ್ಜಿಯಲ್ಲಿ ಇದ್ದ ಹಾಗೇ ಇರಬೇಕು. "ಠೇವಣಿ ಬಾಕಿ ಕುರಿತು" ಅಂತ ಬದಲಿಸಿದರೂ ಅದನ್ನು ಬೇರೆ ವಿಷಯ ಅಂದುಕೊಳ್ಳುತ್ತಾರೆ. ಒಳಗೆ ಐದೇ ವಾಕ್ಯ. ಕಷ್ಟದ ಕಥೆ ಇಲ್ಲ. ಕಡತ ಈಗ ಯಾವ ಹಂತದಲ್ಲಿದೆ, ನನ್ನ ಕಡೆಯಿಂದ ಯಾವ ದಾಖಲೆ ಬಾಕಿ ಇದೆ, ಇದ್ದರೆ ಲಿಖಿತವಾಗಿ ತಿಳಿಸಿ ಅಂತ ಕೇಳಿದೆ. ಈ ಎರಡನೇ ಪ್ರಶ್ನೆಯೇ ಕೆಲಸ ಮಾಡಿದ್ದು. "ಬೇಗ ಮಾಡಿಕೊಡಿ" ಅಂದರೆ ಉತ್ತರ ಕೊಡಬೇಕಾಗಿಲ್ಲ, "ಏನು ಬಾಕಿ?" ಅಂದರೆ ಕಡತ ತೆರೆದು ನೋಡಲೇಬೇಕು.

ಮೂಲ ಅರ್ಜಿಯ ಮೊಹರಿನ ಪ್ರತಿ ಲಗತ್ತಿಸಿ ಎರಡು ಪ್ರತಿ ತೆಗೆದುಕೊಂಡು ಹೋದೆ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಂಖ್ಯೆ ಹಾಕಿಸಿದೆ. ಬರೀ ಮೊಹರು ಹಾಕಿ ಕಳಿಸುತ್ತಿದ್ದರು. ಸಂಖ್ಯೆ ಬರೆಯುವವರೆಗೆ ನಿಂತೆ. ಬರೀ ಮೊಹರು ಇದ್ದರೆ ಮುಂದಿನ ಪತ್ರದ ಉಲ್ಲೇಖಕ್ಕೆ ಏನೂ ಸಿಗಲ್ಲ.

ಹನ್ನೆರಡು ದಿನಕ್ಕೆ ಉತ್ತರ ಬಂತು. ಕೆಲಸ ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿ ಇಲ್ಲ, ಅದನ್ನು ಕೇಳಿ ಹಿಂದೆಯೇ ಪತ್ರ ಹಾಕಿದ್ದೇವೆ ಅಂದಿದ್ದರು. ಆ ಪತ್ರ ನನ್ನ ಹಳೇ ವಿಳಾಸಕ್ಕೆ ಹೋಗಿತ್ತು. ಹದಿನಾಲ್ಕು ತಿಂಗಳು ಕಡತ ನಿಂತಿದ್ದು ಈ ಒಂದು ಹಾಳೆಗೆ! ಅದಕ್ಕಾಗಿ ಮೊದಲು ಸುಮ್ನೆ ಓಡಾಡಿ ಏಳೆಂಟು ದಿನದ ದುಡಿಮೆ ಕಳೆದಿದ್ದೆ. ಬಡ್ಡಿ ಬೇರೆ ಠೇವಣಿಯ ಹತ್ತನೇ ಒಂದು ಪಾಲಿಗೆ ಹತ್ತಿರ ಬಂದಿತ್ತು. ಪತ್ರಗಳಿಗೆ ಆದ ಖರ್ಚು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ಪ್ರಮಾಣಪತ್ರವನ್ನು ಅವರ ಉತ್ತರದ ಸಂಖ್ಯೆ ಉಲ್ಲೇಖಿಸಿ ಮರುದಿನವೇ ಕೊಟ್ಟೆ. ಹೊಸ ವಿಳಾಸವನ್ನೂ ಅದೇ ಹಾಳೆಯಲ್ಲಿ ಬರೆದೆ. ಸುಮಾರು ಐದು ವಾರಕ್ಕೆ ಹಣ ಖಾತೆಗೆ ಬಂತು. ಎದುರಿಗೆ ಕೂತ್ಕೊಳ್ಳಿ ಅಂದಿದ್ದವರಲ್ಲಿ ಇಬ್ಬರು ಈಗ ನನ್ನ ಪತ್ರದ ಪ್ರತಿ ಇಟ್ಟುಕೊಂಡಿದ್ದಾರೆ.