ಒಂದೇ ರಿಮೋಟ್, ಆರು ಜನ, ಶನಿವಾರ ರಾತ್ರಿ ಒಂದು ಸಿನಿಮಾ

ನಮ್ಮ ಮನೆಯಲ್ಲಿ ಅತ್ತೆ, ಮಾವ, ನಮ್ಮ ಯಜಮಾನರು, ನಾನು, ಪಿಯುಸಿ ಓದುವ ಮಗಳು, ಆರನೇ ಕ್ಲಾಸಿನ ಮಗ. ಟಿವಿ ಒಂದು, ರಿಮೋಟ್ ಒಂದು. ಶನಿವಾರ ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಒಂದು ಸಿನಿಮಾ ನೋಡಬೇಕು ಅನ್ನುವುದು ನನ್ನ ಆಸೆ. ಆಸೆ ಯಾರದೋ ಕೆಲಸವೂ ಅವರದೇ, ಅಲ್ವಾ? ಹಾಗೆ ಸಿನಿಮಾ ಆರಿಸುವ ಹೊಣೆ ನನ್ನ ಪಾಲಿಗೆ ಬಂತು. ಇದಕ್ಕೆಲ್ಲ ನಿಯಮ ಅಂತ ಯಾರೂ ಗೋಡೆಗೆ ಬರೆದು ಅಂಟಿಸಿಲ್ಲ. ಆದರೆ ಒಬ್ಬರು ಮುರಿದರೆ ಸಾಕು, ಉಳಿದ ಐದು ಜನ ಒಂದೇ ಸಲಕ್ಕೆ ತಿರುಗಿ ನೋಡುತ್ತಾರೆ.

ಮೊದಲ ಮಾತು, ಸಿನಿಮಾ ಯಾವುದು ಅಂತ ಊಟಕ್ಕೆ ಮೊದಲೇ ತೀರ್ಮಾನ ಆಗಬೇಕು. ಊಟ ಮುಗಿಸಿ ಟಿವಿ ಹಾಕಿ ಹುಡುಕಲು ಕೂತರೆ ಪೋಸ್ಟರ್‌ಗಳು ಸಾಲುಸಾಲಾಗಿ ಹೋಗುತ್ತಲೇ ಇರುತ್ತವೆ. ಒಂದಕ್ಕೆ ಮಗ ಬೇಡ ಅಂತಾನೆ, ಒಂದಕ್ಕೆ ಮಗಳು ಮುಖ ಸಿಂಡರಿಸುತ್ತಾಳೆ. ಅಷ್ಟರಲ್ಲಿ ಮಾವನಿಗೆ ಆಕಳಿಕೆ ಶುರು. ಒಂದೇ ಸಿನಿಮಾದ ಟ್ರೇಲರ್ ಎರಡನೇ ಸಲ ಓಡಿತು ಅಂದರೆ ಅವತ್ತು ಸಿನಿಮಾ ಇಲ್ಲ ಅಂತಲೇ ತಿಳಿದುಕೊಳ್ಳಿ. ಅದಕ್ಕೇ ನಾನು ಸಂಜೆ ಕಾಫಿ ಕೊಡುವಾಗಲೇ ವಿಷಯ ತೆಗೆಯುತ್ತೇನೆ. ಕೈಯಲ್ಲಿ ಲೋಟ ಇರುವಾಗ ಯಾರೂ ಎದ್ದು ಹೋಗುವುದಿಲ್ಲ.

ಆಗ "ಯಾವುದಾದರೂ ಹಾಕಿ, ನನಗೇನು" ಅನ್ನುವವರನ್ನು ಸುಮ್ನೆ ಬಿಡಬಾರದು. ನಮ್ಮ ಮನೆಯಲ್ಲಿ ಅದು ಅತ್ತೆಯ ಮಾತು. ಹಾಗೆ ಹೇಳಿದ ದಿನವೇ ಹತ್ತು ನಿಮಿಷಕ್ಕೆ "ಇದೇನಮ್ಮ ಇಷ್ಟೊಂದು ರಕ್ತ" ಅಂತ ಎದ್ದು ದೇವರ ಮನೆಗೆ ಹೋಗುತ್ತಾರೆ. ಆಮೇಲೆ ಉಳಿದವರಿಗೆ ನೋಡಲು ಮನಸ್ಸು ಬರುವುದಿಲ್ಲ. ಹಾಗಾಗಿ ನಾನು ಮೊದಲು ಅವರನ್ನೇ ಕೇಳುತ್ತೇನೆ. "ಅತ್ತೆ, ಒಂದು ಹೆಸರು ಹೇಳಲೇಬೇಕು." ಬೇಡ ಅನ್ನುವ ಹಕ್ಕು ಎಲ್ಲರಿಗೂ ಇದೆ, ಆದರೆ ಒಬ್ಬರಿಗೆ ಒಂದೇ ಸಲ. ಬೇಡ ಅಂದವರು ಬದಲಿಗೆ ಇನ್ನೊಂದು ಹೆಸರು ಕೊಡಬೇಕು. ಈ ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ಅರ್ಥವೇ ಇಲ್ಲ. ಬರೀ ಬೇಡ ಅನ್ನುವುದು ಸುಲಭ. ಹೆಸರು ಹುಡುಕುವ ಕಷ್ಟ ನೆನೆದೇ ಮಗ ಎಷ್ಟೋ ಸಲ ಬೇಡ ಅನ್ನುವುದನ್ನು ನುಂಗಿಕೊಂಡಿದ್ದಾನೆ.

ಇನ್ನು ಗಡಿಯಾರದ ಲೆಕ್ಕ. ನಮ್ಮ ಸಿನಿಮಾಗಳು ಹೆಚ್ಚುಕಮ್ಮಿ ಎರಡೂವರೆ ಗಂಟೆ. ಎಂಟಕ್ಕೆ ಶುರು ಮಾಡಿದರೆ ಒಂಬತ್ತೂಕಾಲಿನ ಹೊತ್ತಿಗೆ ಇಂಟರ್ವಲ್, ಹತ್ತೂವರೆಗೆ ಶುಭಂ. ಮಾವ ಹತ್ತಕ್ಕೆ ಮಲಗುವವರು. ಅಂದರೆ ಮೊದಲರ್ಧ ಅವರಿಗೆ ಹಿಡಿಸಲೇಬೇಕು, ಕೊನೆ ಅರ್ಧ ಗಂಟೆ ಮಕ್ಕಳಿಗೆ ಹಿಡಿಸಲೇಬೇಕು. ಸಿನಿಮಾ ಚೆನ್ನಾಗಿಲ್ಲ ಅನಿಸಿದರೂ ಇಂಟರ್ವಲ್‌ಗೆ ಮೊದಲು ಬದಲಿಸುವಂತಿಲ್ಲ. ಇಂಟರ್ವಲ್‌ನಲ್ಲಿ ನಾಲ್ಕು ಜನ ಒಪ್ಪಿದರೆ ಬದಲಿಸಬಹುದು. ಚಾನೆಲ್‌ನಲ್ಲಿ ಬರುವ ಸಿನಿಮಾಗೆ ಇದೇ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಜಾಹೀರಾತು ಜಾಸ್ತಿ. ನಮ್ಮ ಯಜಮಾನರು "ಸ್ಕೋರ್ ಅಷ್ಟೇ" ಅಂತ ಕ್ರಿಕೆಟ್‌ಗೆ ಹೋದರೆ, ವಾಪಸ್ ಬರುವಾಗ ಸಿನಿಮಾದಲ್ಲಿ ನಾಯಕಿಗೆ ಮದುವೆಯಾಗಿ ಮಗುವೂ ಆಗಿರುತ್ತದೆ. ಹಾಗಾಗಿ ಜಾಹೀರಾತು ಬಂದರೆ ರಿಮೋಟ್ ಅತ್ತೆಯ ಮಡಿಲಿಗೆ. ಅಲ್ಲಿಂದ ತೆಗೆಯುವ ಧೈರ್ಯ ಯಾರಿಗೂ ಇಲ್ಲ.

ಇದೆಲ್ಲ ಹೇಗೆ ನಡೆಯುತ್ತದೆ ಅಂತ ಒಂದು ಶನಿವಾರದ ಕಥೆ ಹೇಳುತ್ತೇನೆ. ಅವತ್ತು ಅತ್ತೆ ಕೇಳಿದ ಕೂಡಲೇ "ಕಸ್ತೂರಿ ನಿವಾಸ" ಅಂದರು. ಮಗಳಿಗೆ "ಯು ಟರ್ನ್" ಬೇಕಿತ್ತು. ಯಜಮಾನರು ಒಂದು ಡಬ್ಬಿಂಗ್ ಹೊಡೆದಾಟದ ಸಿನಿಮಾ ಹೇಳಿದರು. ಮಾವ "ನಗುವಂಥದ್ದು ಏನಾದರೂ" ಅಂದರು. ಹೊಡೆದಾಟದ್ದಕ್ಕೆ ಅತ್ತೆ ಬೇಡ ಅಂದು ತಮ್ಮ ಹಕ್ಕು ಮುಗಿಸಿದರು. ಮಾವ ಹೆಸರು ಹೇಳಿರಲಿಲ್ಲ, ಹಾಗಾಗಿ ಅವರದು ಲೆಕ್ಕಕ್ಕೆ ಬರಲಿಲ್ಲ. ಮಗ ಎದ್ದು ನಿಂತ. "ಅಜ್ಜೀ, ಅದು ಕಪ್ಪು ಬಿಳುಪು. ನಾನು ನೋಡಲ್ಲ."

ನಾನು ಕಾಯುತ್ತಿದ್ದದ್ದು ಇದೇ ಮಾತಿಗೆ. ಬೇಡ ಅನ್ನುವವರು ಕಾರಣವನ್ನೂ ಹೇಳಿದರೆ ಅರ್ಧ ಕೆಲಸ ಆದಂತೆ, ಕಾರಣವನ್ನು ತೆಗೆದರೆ ಬೇಡವೂ ಹೋಗುತ್ತದೆ. 1971ರ ಆ ಸಿನಿಮಾಕ್ಕೆ ಬಣ್ಣ ಹಚ್ಚಿ 2014ರಲ್ಲಿ ಮತ್ತೆ ಥಿಯೇಟರ್‌ಗೆ ಬಿಟ್ಟಿದ್ದರು. "ಕಲರ್‌ನಲ್ಲಿ ಇದ್ದರೆ?" ಅಂತ ಕೇಳಿದೆ. ಅವನು ಸ್ವಲ್ಪ ಯೋಚಿಸಿ "ಕಲರ್ ಆದ್ರೆ ಸರಿ" ಅಂದ. ಅತ್ತೆಗೆ ಬಣ್ಣದ ರಾಜ್‌ಕುಮಾರ್ ಸ್ವಲ್ಪ ಅನುಮಾನ. "ಆ ಕೋಟು ನೀಲಿ ಅಂತ ಇವರಿಗೆ ಯಾರು ಹೇಳಿದರು?" ಅಂತ ಎರಡು ಮೂರು ಸಲ ಕೇಳಿದರು. ಆದರೆ ಬೀಳಿಸಿದರೂ ಏಳುವ ಗೊಂಬೆಯ ಹಾಡು ಬಂದಾಗ ಮಗ ಸೋಫಾದಿಂದ ಇಳಿದು ಟಿವಿ ಹತ್ತಿರ ಹೋಗಿ ಕೂತ. ಆ ಗೊಂಬೆ ಎಲ್ಲಿ ಸಿಗುತ್ತದೆ ಅಂತ ಹಾಡು ಮುಗಿಯುವ ಮೊದಲೇ ಕೇಳಿದ. ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ "ಜಾತ್ರೇಲಿ ಕೊಡಿಸ್ತೀನಿ, ಸುಮ್ನಿರು" ಅಂದರು. ಮಗಳಿಗೆ ಮುಂದಿನ ಶನಿವಾರ ಖಾತ್ರಿ ಮಾಡಿಕೊಟ್ಟೆ. ಸೋತವರ ಹೆಸರು ಮುಂದಿನ ವಾರ ಮೊದಲು ಬರಬೇಕು. ಇದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಒಮ್ಮೆ ತಪ್ಪಿಸಿದರೆ ಆಮೇಲೆ ಯಾರೂ ಬಿಟ್ಟುಕೊಡುವುದಿಲ್ಲ.

ಸಿನಿಮಾ ಶುರುವಾದ ಮೇಲೆ ರಿಮೋಟ್ ಯಾರ ಕೈಯಲ್ಲಿ ಅನ್ನುವುದು ದೊಡ್ಡ ಪ್ರಶ್ನೆ. ಅತ್ತೆ ಮಾವನ ಎದುರು ಮುಜುಗರದ ದೃಶ್ಯ ಬಂದರೆ ತಟ್ಟನೆ ಮುಂದೆ ಓಡಿಸುವವರ ಕೈಯಲ್ಲಿ ಇರಬೇಕು. ನಮ್ಮಲ್ಲಿ ಅದು ಮಗಳು. ಅವಳ ಹೆಬ್ಬೆರಳು ಬಟನ್ ಮೇಲೆಯೇ ಇರುತ್ತದೆ. ಅಷ್ಟರಮಟ್ಟಿಗೆ ಹೋಗದಿರಲಿ ಅಂತ ನಾನು ಮೊದಲೇ ಪರದೆಯ ಮೇಲಿನ ಗುರುತು ನೋಡುತ್ತೇನೆ. ಓಟಿಟಿಗಳು 2021ರ ನಿಯಮದ ಪ್ರಕಾರ ಯು, ಯು/ಎ 7+, 13+, 16+, ಎ ಅಂತ ತೋರಿಸಬೇಕು. ಪಕ್ಕದಲ್ಲೇ ಹಿಂಸೆ ಇದೆಯಾ, ಬೈಗುಳ ಇದೆಯಾ ಅಂತಲೂ ಇರುತ್ತದೆ. 13+ ದಾಟಿದರೆ ಅದು ಶನಿವಾರದ ಪಟ್ಟಿಗೆ ಬರುವುದಿಲ್ಲ.

ಮಗ ಒಂದು ದಿನ ಹೊಸ ದಾರಿ ಹುಡುಕಿದ. ನಾವೆಲ್ಲ ರಿಮೋಟ್ ಕಾಯುತ್ತಿದ್ದರೆ ಅವನು ಅಪ್ಪನ ಫೋನಿನಿಂದ ನೇರ ಟಿವಿಗೆ ತನ್ನ ಕಾರ್ಟೂನ್ ಹಾಕಿಬಿಟ್ಟ. ಮಾವ ರಿಮೋಟ್ ಕೆಟ್ಟಿದೆ ಅಂತ ಬ್ಯಾಟರಿ ಬಿಚ್ಚಿ ಉಜ್ಜಿ ಮತ್ತೆ ಹಾಕಿದರು. ಅಂದಿನಿಂದ ಫೋನುಗಳೆಲ್ಲ ಅಡುಗೆಮನೆ ಕಟ್ಟೆಯ ಮೇಲೆ.

ಮಾವ ರಿಮೋಟ್ ಹಿಡಿದೇ ನಿದ್ದೆ ಹೋದರೆ ಮಾತ್ರ ಎಳೆಯಬೇಡಿ. ಗೊರಕೆ ನಿಲ್ಲಿಸಿ "ನಾನು ನೋಡ್ತಾ ಇದೀನಿ" ಅಂತಾರೆ, ಹಿಡಿತ ಇನ್ನೂ ಬಿಗಿಯಾಗುತ್ತದೆ. ಟಿವಿಯ ಕೆಳಗೋ ಹಿಂದೆಯೋ ಒಂದು ಸಣ್ಣ ಬಟನ್ ಇರುತ್ತದೆ, ತಡಕಿ ಹುಡುಕಿಟ್ಟುಕೊಳ್ಳಿ. ಎಷ್ಟೋ ಟಿವಿಗಳಲ್ಲಿ ವಾಲ್ಯೂಮ್ ಅಲ್ಲಿಂದಲೇ ಆಗುತ್ತದೆ.

ಈ ಶನಿವಾರ "ಯು ಟರ್ನ್". 2016ರಲ್ಲಿ ಬಂದದ್ದು, ಯಾರು ಯಾಕೆ ಅಂತ ಕೊನೆಯವರೆಗೂ ತಲೆ ಕೆಡಿಸುವ ಸಿನಿಮಾ. ಯಜಮಾನರು ಆಗಲೇ ನೋಡಿದ್ದಾರೆ. ಮೊದಲೇ ನೋಡಿದವರು ಬಾಯಿ ತೆರೆಯುವಂತಿಲ್ಲ, "ಈಗ ನೋಡು ಈಗ" ಅಂತಲೂ ಅನ್ನುವಂತಿಲ್ಲ. ಬಾಯಿಗೆ ಕೆಲಸ ಇರಲಿ ಅಂತ ಒಂದು ಸೇರು ಕಡಲೆಕಾಯಿ ಬೇಯಿಸಲು ತಂದಿಟ್ಟಿದ್ದೇನೆ.